ಹಮ್ಜಾಕ್ಕೆ ಯಾವ ಪೀಠ?

ಅರಬ್ಬಿಯಲ್ಲಿ ಗಂಟಲನ್ನು ಕ್ಷಣಕಾಲ ಬಿಗಿದು ಬಿಟ್ಟಾಗ ಹೊರಡುವ ವ್ಯಂಜನವೇ ಹಮ್ಜಾ. ಅದರ ಪುಟ್ಟ ಚಿಹ್ನೆ ಅಲಿಫ್, ವಾವ್ ಅಥವಾ ಚುಕ್ಕೆಯಿಲ್ಲದ ಯಾ ಅಕ್ಷರವನ್ನು ಪೀಠ ಮಾಡಿಕೊಳ್ಳುತ್ತದೆ, ಇಲ್ಲವೇ ಸಾಲಿನ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಇದಕ್ಕೆ ಕಾರಣ ಹಳೆಯದು. ಕುರಾನಿನ ಆದಿಕಾಲದ ಬರಹ ಹಿಜಾಜ್ ಪ್ರದೇಶದ ಉಚ್ಚಾರಣೆಯನ್ನು ಅನುಸರಿಸಿತ್ತು. ಅಲ್ಲಿ ಪದಮಧ್ಯದ ಹಮ್ಜಾ ಸವೆದು ವಕಾರವೋ ಯಕಾರವೋ ಆಗಿತ್ತು, ಕಿವಿಗೆ ಬಿದ್ದದ್ದನ್ನೇ ಬರೆದರು. ಹಮ್ಜಾವನ್ನು ಪೂರ್ತಿ ಉಚ್ಚರಿಸುವವರಿಗಾಗಿ ಚಿಹ್ನೆ ಬಂದದ್ದು ಆಮೇಲೆ. 8ನೇ ಶತಮಾನದ ವೈಯಾಕರಣ ಖಲೀಲ್ ಇಬ್ನ್ ಅಹ್ಮದ್ ಐನ್ ಅಕ್ಷರದ ತಲೆಯನ್ನಷ್ಟೇ ತೆಗೆದು ಅದನ್ನು ರೂಪಿಸಿದನೆಂದು ಪರಂಪರೆ ಹೇಳುತ್ತದೆ.

ಪದಾದಿಯಲ್ಲಿ ತಕರಾರಿಲ್ಲ, ಪೀಠ ಯಾವಾಗಲೂ ಅಲಿಫ್. ಅಕಾರ, ಉಕಾರಗಳಿದ್ದರೆ ಚಿಹ್ನೆ ಮೇಲೆ, ಇಕಾರವಿದ್ದರೆ ಕೆಳಗೆ.

ಕಷ್ಟವೆಲ್ಲ ಪದಮಧ್ಯದಲ್ಲಿ. ಅಲ್ಲಿ ಹಮ್ಜಾದ ಸ್ವರವನ್ನೂ ಅದರ ಹಿಂದಿನ ಸ್ವರವನ್ನೂ ಹೋಲಿಸಿ, ಬಲವಾದದ್ದಕ್ಕೆ ಪೀಠ ಕೊಡಬೇಕು. ಇಕಾರ ಎಲ್ಲಕ್ಕಿಂತ ಬಲಶಾಲಿ, ಅದರದು ಯಾ. ನಂತರ ಉಕಾರ, ಅದರದು ವಾವ್. ಆಮೇಲೆ ಅಕಾರ, ಅದರದು ಅಲಿಫ್. ಸ್ವರವಿಲ್ಲದ ಸ್ಥಿತಿ ಎಲ್ಲಕ್ಕೂ ಕೊನೆ. ಬಾವಿ ಎಂಬರ್ಥದ ‘ಬಿ’ರ್’ನಲ್ಲಿ ಹಮ್ಜಾಕ್ಕೆ ಸ್ವರವಿಲ್ಲ, ಹಿಂದೆ ಇಕಾರವಿದೆ, ಆದ್ದರಿಂದ ಯಾ. ಪ್ರಶ್ನೆ ಎಂಬರ್ಥದ ‘ಸು’ಆಲ್’ನಲ್ಲಿ ಹಿಂದಿನ ಉಕಾರ ಮುಂದಿನ ಅಕಾರವನ್ನು ಸೋಲಿಸುತ್ತದೆ, ಆದ್ದರಿಂದ ವಾವ್. ಒಂದು ಅಪವಾದವನ್ನು ಮಾತ್ರ ಮರೆಯಬಾರದು: ದೀರ್ಘ ಆಕಾರದ ನಂತರದ ಹಮ್ಜಾಕ್ಕೆ ಅಕಾರ ಬಂದರೆ ಎರಡು ಅಲಿಫ್‌ಗಳು ಒಟ್ಟಿಗೆ ಕೂರಬಾರದೆಂದು ಅದನ್ನು ಸಾಲಿನ ಮೇಲೇ ಬರೆಯುತ್ತಾರೆ. ಓದು ಎಂಬರ್ಥದ ‘ಕಿರಾ’ಅ’ದಲ್ಲಿ ಆಗುವುದು ಇದೇ.

ಪದಾಂತ್ಯದಲ್ಲಿ ಹಿಂದಿನ ಸ್ವರವೊಂದೇ ಲೆಕ್ಕಕ್ಕೆ. ಅದು ಹ್ರಸ್ವವಾಗಿದ್ದರೆ ಅದಕ್ಕೊಪ್ಪುವ ಪೀಠ. ದೀರ್ಘವಾಗಿದ್ದರೆ ಅಥವಾ ಸ್ವರವೇ ಇಲ್ಲದಿದ್ದರೆ ಸಾಲು. ಹಾಗಾಗಿ ಗಂಡುಮಕ್ಕಳು ಎಂಬರ್ಥದ ‘ಅಬ್ನಾ’’ದಲ್ಲಿ ಹಮ್ಜಾ ಒಂಟಿ.

ಈ ಪದಕ್ಕೇ ‘ಅವನ’ ಎಂಬ ಪ್ರತ್ಯಯ ಸೇರಿದರೆ ಹಮ್ಜಾ ಪದಮಧ್ಯಕ್ಕೆ ಸರಿಯುತ್ತದೆ, ಅದರ ಸ್ವರವನ್ನು ವಿಭಕ್ತಿ ನಿರ್ಧರಿಸುತ್ತದೆ. ‘ಅವನ ಮಕ್ಕಳು ಬಂದರು’ ಎಂಬಲ್ಲಿ ಕರ್ತೃವಾದ್ದರಿಂದ ‘ಅಬ್ನಾಉಹು’, ಪೀಠ ವಾವ್. ‘ಅವನ ಮಕ್ಕಳನ್ನು ಕಂಡೆ’ ಎಂಬಲ್ಲಿ ‘ಅಬ್ನಾಅಹು’, ಸಾಲು. ‘ಅವನ ಮಕ್ಕಳ ಜೊತೆ’ ಎಂಬಲ್ಲಿ ‘ಅಬ್ನಾಇಹಿ’, ಯಾ. ಪತ್ರಿಕೆಗಳಲ್ಲಿ ಹ್ರಸ್ವ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಅಚ್ಚು ಮಾಡುವುದಿಲ್ಲ. ಹೀಗಾಗಿ ಇಂಥ ಪದಗಳಲ್ಲಿ ವಿಭಕ್ತಿ ಕಣ್ಣಿಗೆ ಬೀಳುವುದು ಪೀಠದಲ್ಲೇ. ‘ಜೊತೆ’ಯ ನಂತರ ವಾವ್ ಕಂಡರೆ ಬರೆದವರು ಎಡವಿದ್ದು ಕಾಗುಣಿತದಲ್ಲಲ್ಲ, ವ್ಯಾಕರಣದಲ್ಲಿ ಎಂದು ತಿದ್ದುವವರಿಗೆ ತಿಳಿಯುತ್ತದೆ. ಪೀಠಗಳ ಪಟ್ಟಿಯನ್ನಷ್ಟೇ ಉರುಹೊಡೆದವರು ಹೆಚ್ಚಾಗಿ ಸಿಕ್ಕಿಬೀಳುವುದೂ ಇಲ್ಲೇ.

ನಿಯಮ ಎಲ್ಲ ಕಡೆ ಒಂದೇ ಎಂದೇನೂ ಇಲ್ಲ. ಹೊಣೆಗಾರ ಎಂಬರ್ಥದ ‘ಮಸ್’ಊಲ್’ಗೆ ಮೇಲಿನ ಲೆಕ್ಕದಂತೆ ವಾವ್ ಪೀಠ ಬರಬೇಕು, ಅನೇಕ ಅರಬ್ ದೇಶಗಳಲ್ಲಿ ಹಾಗೆಯೇ ಬರೆಯುತ್ತಾರೆ. ಈಜಿಪ್ಟಿನ ರೂಢಿ ಬೇರೆ: ಪೀಠದ ವಾವ್, ದೀರ್ಘದ ವಾವ್ ಎರಡೂ ಅಕ್ಕಪಕ್ಕ ಬರುವುದು ಬೇಡವೆಂದು ಅಲ್ಲಿ ಹಮ್ಜಾವನ್ನು ಯಾ ಮೇಲೆ ಕೂರಿಸುತ್ತಾರೆ. ಎರಡೂ ಸಾಧು, ಒಂದೇ ಪುಟದಲ್ಲಿ ಎರಡನ್ನೂ ಬೆರೆಸುವುದು ಮಾತ್ರ ತಪ್ಪು.