ಸತ್ಯಶೋಧಕರನ್ನು ಶೋಧಿಸುವ ಬಗೆ

ಒಂದು ಸುದ್ದಿಯನ್ನು ಸುಳ್ಳೆಂದು ಸಾರುವ ಸಂಸ್ಥೆಯ ಯೋಗ್ಯತೆಯನ್ನು ಅದರ ನಿರ್ಣಯದಿಂದಲ್ಲ, ಆ ನಿರ್ಣಯಕ್ಕೆ ಅದು ನಡೆದು ಬಂದ ದಾರಿಯಿಂದ ಅಳೆಯಬೇಕು. ಈ ಅಳತೆಗೆ ನಮ್ಮ ದೇಶದಲ್ಲಿ ದೊರೆಯುವ ತಕ್ಕ ಉದಾಹರಣೆ, ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯು 2019ರಲ್ಲಿ ಆರಂಭಿಸಿದ 'ಪಿಐಬಿ ಫ್ಯಾಕ್ಟ್ ಚೆಕ್' ಘಟಕ.

ಸರ್ಕಾರದ ಹೆಸರಿನಲ್ಲಿ ಹರಡುವ ಖೋಟಾ ಆದೇಶಗಳನ್ನು ಬಯಲಿಗೆಳೆಯುವಲ್ಲಿ ಈ ಘಟಕ ಉಪಯುಕ್ತವೆಂಬುದು ನಿಜ. ಆದರೆ ಅದರ ಹಲವು ನಿರ್ಣಯಗಳಲ್ಲಿ ಕಾಣುವುದು ಒಂದು ಚಿತ್ರ, ಅದರ ಮೇಲೊಂದು ಕೆಂಪು ಮುದ್ರೆ, ಒಂದೆರಡು ವಾಕ್ಯ, ಇಷ್ಟೇ. ಯಾವ ಕಡತವನ್ನು ನೋಡಲಾಯಿತು, ಯಾರನ್ನು ವಿಚಾರಿಸಲಾಯಿತು ಎಂಬುದು ಓದುಗನಿಗೆ ತಿಳಿಯದು. 2020ರಲ್ಲಿ ಗುಪ್ತಚರ ದಳದ ನೇಮಕಾತಿ ಪ್ರಕಟಣೆಯೊಂದನ್ನು ಘಟಕವು ಸುಳ್ಳೆಂದು ಸಾರಿತು; ಪ್ರಕಟಣೆ ನಿಜವೆಂಬ ಸ್ಪಷ್ಟನೆ ಬಳಿಕ ಸರ್ಕಾರದ ಕಡೆಯಿಂದಲೇ ಬಂತು. ಆಧಾರವನ್ನು ಮುಂದಿಟ್ಟಿದ್ದರೆ ಈ ತಪ್ಪನ್ನು ಯಾವ ಉದ್ಯೋಗಾರ್ಥಿಯಾದರೂ ಕಂಡುಹಿಡಿಯಬಹುದಿತ್ತು.

ಅಮೆರಿಕದ ಪಾಯಿಂಟರ್ ಸಂಸ್ಥೆಯ ಆಶ್ರಯದಲ್ಲಿರುವ ಅಂತರರಾಷ್ಟ್ರೀಯ ಸತ್ಯಪರಿಶೀಲನಾ ಜಾಲವು 2016ರಲ್ಲಿ ರೂಪಿಸಿದ ನೀತಿಸಂಹಿತೆ ಇಲ್ಲಿ ಒರೆಗಲ್ಲಾಗುತ್ತದೆ. ಓದುಗನು ತಾನೇ ಮತ್ತೊಮ್ಮೆ ಪರೀಕ್ಷಿಸಿ ನೋಡುವಷ್ಟು ವಿವರವಾಗಿ ಮೂಲಗಳನ್ನು ಕೊಡಬೇಕೆಂದು ಅದು ವಿಧಿಸುತ್ತದೆ. ಸ್ವತಂತ್ರ ಸಂಸ್ಥೆಯು ಹಿಂದಿನ ವರ್ಷದ ಆದಾಯದಲ್ಲಿ ಶೇಕಡಾ 5 ಅಥವಾ ಹೆಚ್ಚು ಪಾಲು ಕೊಟ್ಟ ಪ್ರತಿಯೊಂದು ಮೂಲವನ್ನೂ ಹೆಸರಿಸಬೇಕು. ಸಂಪಾದಕೀಯ ಕಾರ್ಯವು ಸರ್ಕಾರದ ಅಥವಾ ಪಕ್ಷದ ಹಿಡಿತದಲ್ಲಿರಕೂಡದು. ಪಿಐಬಿ ಘಟಕದ ಹಣದ ಮೂಲ ಗುಟ್ಟಲ್ಲ, ಅದು ಸರ್ಕಾರದ್ದೇ. ಕೊರತೆಯಿರುವುದು ಸ್ವಾತಂತ್ರ್ಯದಲ್ಲಿ: ತನ್ನ ಮೇಲಿನ ಆರೋಪಕ್ಕೆ ತಾನೇ ತೀರ್ಪು ಕೊಡುವ ಸ್ಥಿತಿ ಅದರದು. 2023ರಲ್ಲಿ ತಿದ್ದಿದ ನಿಯಮವು ಇಂಥ ಘಟಕಕ್ಕೆ ಕಾನೂನಿನ ಬಲ ಕೊಡಹೊರಟಾಗ, ಸರ್ವೋಚ್ಚ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ಅದರ ಅಧಿಸೂಚನೆಗೆ ತಡೆ ನೀಡಿತು. ಅದೇ ಸೆಪ್ಟೆಂಬರಿನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನೇ ರದ್ದುಗೊಳಿಸಿತು.

ಬೇರೆ ಪರಿಶೀಲಕರನ್ನು ಹುಡುಕುವವರಿಗೆ ಗೂಗಲ್‌ನ 'ಫ್ಯಾಕ್ಟ್ ಚೆಕ್ ಎಕ್ಸ್‌ಪ್ಲೋರರ್' ನೆರವಾಗುತ್ತದೆ. ಹೇಳಿಕೆಯ ಮುಖ್ಯ ಪದಗಳನ್ನು ಬರೆದರೆ ಅದನ್ನು ಪರಿಶೀಲಿಸಿದ ಸಂಸ್ಥೆಗಳ ಬರಹಗಳು ತೋರುತ್ತವೆ. ಒಂದು ಬರಹವನ್ನು ತೆರೆದು, ಅದರಲ್ಲಿರುವ ಮೂಲದ ಕೊಂಡಿಯನ್ನು ಹಿಡಿದು ಹೋದಾಗ ಆ ಮೂಲ ನಿಜವಾಗಿ ಹಾಗೆ ಹೇಳುತ್ತದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ಕೊಂಡಿಯು ಅದೇ ಸಂಸ್ಥೆಯ ಇನ್ನೊಂದು ಲೇಖನಕ್ಕಷ್ಟೇ ಒಯ್ದರೆ ಅದು ಆಧಾರವಲ್ಲ. ಬಳಿಕ ಹಣದ ವಿವರದ ಪುಟವನ್ನು ನೋಡಬೇಕು: 'ದಾನಿಗಳ ನೆರವು' ಎಂಬ ಮಾತು ಲೆಕ್ಕವಲ್ಲ, ಹೆಸರು ಮತ್ತು ವರ್ಷ ಬೇಕು. ಕೊನೆಯದು ತಿದ್ದುಪಡಿಗಳ ಪುಟ. ವರ್ಷಗಟ್ಟಲೆ ಒಂದೂ ತಿದ್ದುಪಡಿ ಕಾಣದ ಸಂಸ್ಥೆ ತಪ್ಪೇ ಮಾಡಿಲ್ಲವೆನ್ನುವುದಕ್ಕಿಂತ ತಪ್ಪನ್ನು ಸದ್ದಿಲ್ಲದೆ ಅಳಿಸಿದೆಯೆಂದು ಶಂಕಿಸುವುದೇ ಹೆಚ್ಚು ಯುಕ್ತ.

ಜಾಲದ ಮುದ್ರೆಗೂ ಮಿತಿಯುಂಟು. ಅದು ವರ್ಷಾವಧಿಯದು, ಇನ್ನೂ ಊರ್ಜಿತವೇ ಎಂಬುದನ್ನು ಜಾಲದ ಸ್ವಂತ ಪಟ್ಟಿಯಲ್ಲಿ ನೋಡಬೇಕು. ಅದು ಸಾರುವುದು ಸಂಸ್ಥೆಯ ಕ್ರಮ ಸರಿಯಿದೆಯೆಂದೇ ಹೊರತು ಪ್ರತಿಯೊಂದು ನಿರ್ಣಯವೂ ನಿರ್ದೋಷವೆಂದಲ್ಲ.