ಅರ್ಧ ಶಕ್ತಿ ಎಲ್ಲಿಗೆ ಹೋಯಿತು? - ಒಂದು ಪ್ರಶ್ನಾವಳಿಯ ವಿಮರ್ಶೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಗಳ ಪಿಯುಸಿ ವಿದ್ಯಾರ್ಥಿಗಳ ಕೈಯಲ್ಲಿರುವ ಒಂದು ಅಭ್ಯಾಸ ಪ್ರಶ್ನಾವಳಿ ಇತ್ತೀಚೆಗೆ ನನ್ನ ಮೇಜಿಗೆ ಬಂದಿತು. ಅಧ್ಯಾಯ: ಕೆಲಸ, ಶಕ್ತಿ ಮತ್ತು ಸಾಮರ್ಥ್ಯ. ಸೂಚನೆ: 'ಶಕ್ತಿ ಸಂರಕ್ಷಣಾ ನಿಯಮವನ್ನು ಬಳಸಿ ಬಿಡಿಸಿ.' ಪ್ರಶ್ನೆಗಳು ಆಯಾ ಊರಿನ ಸಂಗತಿಗಳನ್ನೇ ಆಧರಿಸಿರುವುದು ಮೆಚ್ಚತಕ್ಕದ್ದು. ಅವುಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸೋಣ. ಎಲ್ಲೆಡೆ g = 10 m/s² ಎಂದಿಟ್ಟುಕೊಳ್ಳಿ.

ಮೊದಲನೆಯದು ಮಸ್ಕಿಯದು. ಅಶೋಕನ ಶಾಸನವಿರುವ ಆ ಊರಿನ ಗುಡ್ಡದ ನಯವಾದ ಇಳಿಜಾರಿನಲ್ಲಿ 20 ಮೀ. ಎತ್ತರದಿಂದ ಕಲ್ಲೊಂದು ನಿಶ್ಚಲ ಸ್ಥಿತಿಯಿಂದ ಜಾರುತ್ತದೆ. ಬುಡದಲ್ಲಿ ಅದರ ವೇಗವೆಷ್ಟು? mgh = ½mv² ಎಂದು ಬರೆದರೆ ಉತ್ತರ 20 m/s. ಇದು ಸರಿ. ಏಕೆಂದರೆ 'ನಯವಾದ' ಎಂಬ ಪದ ಘರ್ಷಣೆಯನ್ನು ತೆಗೆದುಹಾಕಿದೆ. ಇಳಿಜಾರಿನ ಲಂಬ ಬಲವು ಚಲನೆಗೆ ಅಡ್ಡಲಾಗಿರುವುದರಿಂದ ಕೆಲಸ ಮಾಡುವುದಿಲ್ಲ.

ಎರಡನೆಯದು ಸಿಂಧನೂರಿನದು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಪಂಪೊಂದು ಸೆಕೆಂಡಿಗೆ 10 ಕಿ.ಗ್ರಾಂ ನೀರನ್ನು 8 ಮೀ. ಮೇಲಕ್ಕೆತ್ತಿ 4 m/s ವೇಗದಲ್ಲಿ ಹೊರಚೆಲ್ಲುತ್ತದೆ. ಕಾಲುವೆಯ ನೀರು ನಿಶ್ಚಲವೆಂದು ಭಾವಿಸಿದರೆ, ಎತ್ತುವುದಕ್ಕೆ 800 ವ್ಯಾಟ್, ಚಲನ ಶಕ್ತಿಗೆ 80 ವ್ಯಾಟ್. ಒಟ್ಟು 880 ವ್ಯಾಟ್. ಉತ್ತರಸೂಚಿಯೂ ಇದನ್ನೇ ಕೊಟ್ಟಿದೆ. ಕೊಳವೆಯಲ್ಲಿ ಶಕ್ತಿನಷ್ಟ ಇದ್ದೇ ಇರುವುದರಿಂದ 'ಕನಿಷ್ಠ ಸಾಮರ್ಥ್ಯ' ಎಂದು ಕೇಳಿದ್ದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತಿತ್ತು.

ತೊಡಕಿರುವುದು ಮೂರನೆಯದರಲ್ಲಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯನ್ನು ನೆನಪಿಗೆ ತರುವ ಪ್ರಶ್ನೆ ಇದು: 'ಸಮತಲವಾದ ಬೆಲ್ಟ್ 3 m/s ಸ್ಥಿರ ವೇಗದಲ್ಲಿ ಚಲಿಸುತ್ತಿದೆ. ಅದರ ಮೇಲೆ ಸೆಕೆಂಡಿಗೆ 20 ಕಿ.ಗ್ರಾಂ ಅದಿರು ನೇರವಾಗಿ ಮೇಲಿನಿಂದ ಬೀಳುತ್ತದೆ. ಮೋಟಾರು ಒದಗಿಸಬೇಕಾದ ಹೆಚ್ಚುವರಿ ಸಾಮರ್ಥ್ಯವೆಷ್ಟು?' ಸೂಚಿಯ ಉತ್ತರ ಹೀಗಿದೆ: ಪ್ರತಿ ಸೆಕೆಂಡಿಗೆ ಅದಿರು ಪಡೆಯುವ ಚಲನ ಶಕ್ತಿ ½ × 20 × 3² = 90 ಜೌಲ್; ಆದ್ದರಿಂದ 90 ವ್ಯಾಟ್.

ಈಗ ಬಲದ ದಾರಿ ಹಿಡಿಯಿರಿ. ಅದಿರಿಗೆ ಮೊದಲು ಸಮತಲ ವೇಗವಿರಲಿಲ್ಲ. ಪ್ರತಿ ಸೆಕೆಂಡಿಗೆ ಅದು ಪಡೆಯುವ ಸಂವೇಗ 20 × 3 = 60 ಮಾನ; ಅಂದರೆ ಬೆಲ್ಟ್ ಅದಿರಿನ ಮೇಲೆ 60 ನ್ಯೂಟನ್ ಬಲ ಹಾಕಬೇಕು. ಬೆಲ್ಟಿನ ವೇಗ 3 m/s ಆದ್ದರಿಂದ ಸಾಮರ್ಥ್ಯ 60 × 3 = 180 ವ್ಯಾಟ್. ಸೂಚಿಯ ಉತ್ತರಕ್ಕೆ ಸರಿಯಾಗಿ ಎರಡರಷ್ಟು!

ಹಾಗಾದರೆ ಶಕ್ತಿ ಸಂರಕ್ಷಣಾ ನಿಯಮ ಸುಳ್ಳಾಯಿತೆ? ಇಲ್ಲ. ಒಂದು ಕಿ.ಗ್ರಾಂ ಅದಿರನ್ನಷ್ಟೇ ಹಿಂಬಾಲಿಸೋಣ. ಘರ್ಷಣಾಂಕ 0.5 ಎಂದುಕೊಳ್ಳಿ. ಆಗ ಘರ್ಷಣಾ ಬಲ 5 ನ್ಯೂಟನ್, ವೇಗೋತ್ಕರ್ಷ 5 m/s². ಅದಿರು ಬೆಲ್ಟಿನ ವೇಗವನ್ನು ಮುಟ್ಟಲು 0.6 ಸೆಕೆಂಡು ಬೇಕು. ಅಷ್ಟರಲ್ಲಿ ಅದಿರು ಸಾಗಿದ ದೂರ 0.9 ಮೀ.; ಬೆಲ್ಟ್ ಸಾಗಿದ ದೂರ 1.8 ಮೀ. ಬೆಲ್ಟ್ ಮಾಡಿದ ಕೆಲಸ 5 × 1.8 = 9 ಜೌಲ್. ಅದಿರಿಗೆ ದಕ್ಕಿದ ಚಲನ ಶಕ್ತಿ 5 × 0.9 = 4.5 ಜೌಲ್. ಉಳಿದ 4.5 ಜೌಲ್, ಅದಿರು ಬೆಲ್ಟಿನ ಮೇಲೆ ಹಿಂದಕ್ಕೆ ಜಾರಿದ 0.9 ಮೀ. ದೂರದಲ್ಲಿ ಉಷ್ಣವಾಗಿದೆ. 20 ಕಿ.ಗ್ರಾಂಗೆ ಲೆಕ್ಕ ಹಾಕಿದರೆ 180 = 90 + 90. ಶಕ್ತಿ ಪೈಸೆಯಷ್ಟೂ ಕಳೆದಿಲ್ಲ.

ಬೆಲ್ಟನ್ನು ಹೆಚ್ಚು ಒರಟಾಗಿಸಿದರೆ ಈ ನಷ್ಟ ತಪ್ಪುವುದೆ? ತಪ್ಪುವುದಿಲ್ಲ. ಘರ್ಷಣಾಂಕ ಎಷ್ಟೇ ಇರಲಿ, ಸೊನ್ನೆಯಿಂದ v ವರೆಗೆ ಸಮವಾಗಿ ಏರುವ ಅದಿರಿನ ಸರಾಸರಿ ವೇಗ v/2. ಆದ್ದರಿಂದ ಬೆಲ್ಟ್ ಯಾವಾಗಲೂ ಅದಿರಿನ ಎರಡರಷ್ಟು ದೂರ ಸಾಗುತ್ತದೆ. ಒರಟುತನ ಹೆಚ್ಚಿದರೆ ಜಾರುವ ದೂರ ಕಡಿಮೆಯಾಗುತ್ತದೆ, ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ, ಗುಣಲಬ್ಧ ಬದಲಾಗದು. ಪೂರ್ತಿ ನಯವಾದ ಬೆಲ್ಟಾದರೆ ಅದಿರು ಮುಂದೆ ಸಾಗುವುದೇ ಇಲ್ಲ.

ಸೂಚಿಯ ದೋಷ ಗಣಿತದ್ದಲ್ಲ. ಮಸ್ಕಿಯ ಕಲ್ಲಿಗೆ ಒಪ್ಪುವ ಯಾಂತ್ರಿಕ ಶಕ್ತಿಯ ಸಮೀಕರಣವನ್ನು, ಜಾರುವಿಕೆ ಇರುವ ಬೆಲ್ಟಿಗೂ ಹಾಗೆಯೇ ಹೊಂದಿಸಲಾಗಿದೆ. ಒಟ್ಟು ಶಕ್ತಿಯ ಸಂರಕ್ಷಣೆ ಎಲ್ಲೆಡೆ ಸತ್ಯ. ಯಾಂತ್ರಿಕ ಶಕ್ತಿಯ ಸಂರಕ್ಷಣೆಗೆ ನಿಬಂಧನೆಗಳಿವೆ. 'ಶಕ್ತಿ ಸಂರಕ್ಷಣೆ ಬಳಸಿ' ಎಂಬ ಸೂಚನೆ ಈ ವ್ಯತ್ಯಾಸವನ್ನು ಮರೆಮಾಚಿ, 180 ಎಂದು ಸರಿಯಾಗಿ ಬರೆದ ವಿದ್ಯಾರ್ಥಿಯ ಅಂಕವನ್ನು ಕಸಿಯುತ್ತದೆ.

ಅಧ್ಯಾಪಕರು ಈ ಪ್ರಶ್ನೆಯನ್ನು ಕೈಬಿಡಬೇಕಿಲ್ಲ. ಅದನ್ನು ಮೂರು ಭಾಗ ಮಾಡಿ ಕೇಳಲಿ: ಬೇಕಾದ ಬಲವೆಷ್ಟು? ಸಾಮರ್ಥ್ಯವೆಷ್ಟು? ಅದು ಪ್ರತಿ ಸೆಕೆಂಡಿನ ಚಲನ ಶಕ್ತಿಗಿಂತ ಹೆಚ್ಚಾಗಿರುವುದೇಕೆ? ವಿದ್ಯಾರ್ಥಿಗಳೇ, ನೀವು ½mv² ಬರೆಯುವ ಮುನ್ನ ಒಂದನ್ನು ನೋಡಿಕೊಳ್ಳಿ: ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುತ್ತಿವೆಯೆ? ಹೌದಾದರೆ ಸಂವೇಗದಿಂದ ಬಲವನ್ನು ಪಡೆದು, ಅದನ್ನು ವೇಗದಿಂದ ಗುಣಿಸಿ. ಎರಡು ದಾರಿಯ ಉತ್ತರಗಳಲ್ಲಿರುವ ಅಂತರವೇ ಉಷ್ಣದ ಲೆಕ್ಕ.